ಸೀರೆಗಳ ಸಂದಿನಲ್ಲಿ ಕಂಡಷ್ಟು

ನಾನು ಕೂರುವ ಜಾಗದಿಂದ ರಸ್ತೆಯ ಅರ್ಧ ಮಾತ್ರ ಕಾಣುತ್ತದೆ, ಬಲಗಡೆಯ ಅರ್ಧ. ಎಡಗಡೆ ಬಾಗಿಲಿಗೆ ಅಡ್ಡವಾಗಿ ಅಂಗಡಿಯ ಒಡತಿ ಹಾಜರಾಬಿ ಚಾಚಿ ಒಂದು ಕಬ್ಬಿಣದ ಸರಳು ಹಾಕಿಸಿದ್ದಾಳೆ. ಫಾಲ್ ಹಚ್ಚಿ ಪಿಕೋ ಮಾಡಿ ಮುಗಿಸಿದ ಸೀರೆಗಳೆಲ್ಲ ಅದರ ಮೇಲೆ ತೂಗುತ್ತವೆ. ದಾರಿಯಲ್ಲಿ ಹೋಗುವ ಹೆಂಗಸರು ಅವನ್ನು ನೋಡಿಯೇ ಒಳಗೆ ಬರಬೇಕು ಎಂಬುದು ಅವಳ ಲೆಕ್ಕ. ನನಗೆ ಅದರಿಂದ ಇನ್ನೊಂದು ಅನುಕೂಲವಿತ್ತು. ಆ ಸೀರೆಗಳ ಹಿಂದೆ ಕೂತರೆ ನಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ನನ್ನ ಪಾಲಿನ ಅರ್ಧ ರಸ್ತೆಯನ್ನು ಮಾತ್ರ ನಾನು ಬಿಡದೆ ನೋಡುತ್ತಿದ್ದೆ.

ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಹಳೇ ಹುಬ್ಬಳ್ಳಿಯ ಈ ಅಂಗಡಿಗೆ ಬಂದು ಆರು ವರ್ಷವಾಯಿತು. ಮಾತು ಕಡಿಮೆ. "ಶಿವಲೀಲಾನ ಬಾಯಾಗ ಸೂಜಿ ಇರ್ತೈತಿ, ತಗದ್ರ ದಾರ ಬರ್ತೈತಿ, ಮಾತ ಬರಂಗಿಲ್ಲ" ಎಂದು ಚಾಚಿ ಗಿರಾಕಿಗಳ ಮುಂದೆ ನಗುತ್ತಾಳೆ. ನಾನೂ ನಗುತ್ತೇನೆ.

ಆ ಮಂಗಳವಾರ ಮಧ್ಯಾಹ್ನ ಚಾಚಿ ಊಟಕ್ಕೆ ಮನೆಗೆ ಹೋಗಿದ್ದಳು. ಪಕ್ಕದ ಹಿಟ್ಟಿನ ಗಿರಣಿಯವರೂ ಬಾಗಿಲು ಹಾಕಿಕೊಂಡು ಹೋಗಿದ್ದರು. ಅಜಾನ್ ಆದ ಮೇಲೆ ನಾನು ಬದನೆಕಾಯಿ ಬಣ್ಣದ ಸೀರೆಯೊಂದಕ್ಕೆ ಫಾಲ್ ಹಚ್ಚಿ ಮುಗಿಸಿ, ಪಿಕೋ ಮಾಡಲು ಮಷೀನು ನಿಲ್ಲಿಸಿ ದಾರ ಬದಲಿಸುತ್ತಿದ್ದೆ. ಎಡಗಡೆಯಿಂದ, ಗಿರಣಿಯ ಆಚೆಯ ಓಣಿಯ ಕಡೆಯಿಂದ, ಕಾರು ಹಿಂದಕ್ಕೆ ಬರುವಾಗ ಹೊಡೆದುಕೊಳ್ಳುತ್ತದಲ್ಲ, ಆ ಪೀಂ ಪೀಂ ಸದ್ದು ಕೇಳುತ್ತಿತ್ತು. ಅದರ ನಡುವೆಯೇ 'ಧಡ್' ಎಂದಿತು. "ಯವ್ವಾ" ಎಂದು ಹೆಂಗಸಿನ ಕೂಗು. ಪೀಂ ಪೀಂ ಆಮೇಲೂ ಹೊಡೆದುಕೊಂಡಿತು, ನಂತರ ನಿಂತಿತು.

ನಾನು ತಲೆ ಎತ್ತಿದೆ. ನನ್ನ ಅರ್ಧ ರಸ್ತೆ ಖಾಲಿ ಇತ್ತು. ಕೈಯಿಂದ ದಾರದ ರೀಲು ಜಾರಿ ಮಷೀನಿನ ಕೆಳಗೆ ಉರುಳಿತು. ಬಗ್ಗಿ ಎತ್ತಿಕೊಂಡೆ. ಎದ್ದಾಗ ಬಲಗಡೆಯಿಂದ ಒಂದು ಆಟೋ ಬಂದು ಎಡಗಡೆಗೆ ಹೋಯಿತು. ಪಕ್ಕದ ಹಸಿರು ರೆಕ್ಸಿನ್ ಮೇಲೆ 'ಮಾ ಕೀ ದುವಾ' ಎಂದು ಕನ್ನಡದಲ್ಲಿ ಬರೆದಿದ್ದ ಆಟೋ. ಚಾಚಿಯ ತಂಗಿಯ ಮಗ ಶಹಬಾಜಣ್ಣನದು. ಅದು ಸೀರೆಗಳ ಹಿಂದೆ ಮರೆಯಾದ ಮೇಲೆ ಬ್ರೇಕು ಕೀರ್ ಎಂದಿತು.

ಹೊಸ್ತಿಲಿಗೆ ಬಂದು ಸೀರೆಗಳನ್ನು ಸರಿಸಿ ನೋಡಿದೆ. ದುರಗವ್ವ ಆಯಿ ನೆಲದ ಮೇಲೆ ಬಿದ್ದಿದ್ದಳು. ದಿನವೂ ಮೆಂತ್ಯೆ, ಹುಣಚಿಕ್ಕ ಸೊಪ್ಪು ಮಾರಿ ಮಧ್ಯಾಹ್ನ ಈ ದಾರಿಯಲ್ಲೇ ಮನೆಗೆ ಹೋಗುವವಳು. ಬುಟ್ಟಿ ಬೋರಲಾಗಿತ್ತು. ಅವಳ ಆಚೆಗೆ, ಓಣಿಯ ಬಾಯಿಗೆ, ಒಂದು ಬಿಳಿ ಕಾರು ನಮ್ಮ ಕಡೆ ಬೆನ್ನು ಮಾಡಿ ನಿಂತಿತ್ತು. ಅವಳ ಈಚೆಗೆ ಆಟೋ. ಶಹಬಾಜಣ್ಣ ಇಳಿದು ಓಡುತ್ತಿದ್ದ. ನಾನು ನೋಡುತ್ತಿದ್ದಂತೆಯೇ ಕಾರು ಮುಂದಕ್ಕೆ ಹೋಗಿ ತಿರುವಿನಲ್ಲಿ ಕಾಣದಾಯಿತು. ಮಂದಿ ಕೂಡಿದ್ದು ಆಮೇಲೆ. ಅವರ ಕಣ್ಣಿಗೆ ಬಿದ್ದದ್ದು ಬಿದ್ದ ಮುದುಕಿ ಮತ್ತು ಅವಳ ಮುಂದೆ ನಿಂತ ಆಟೋ.

ಅದೇ ಆಟೋದಲ್ಲಿ ಶಹಬಾಜಣ್ಣ ಅವಳನ್ನು ಆಸ್ಪತ್ರೆಗೆ ಒಯ್ದ. ಅಲ್ಲಿಗೆ ದುರಗವ್ವನ ಮಗ ಬಂದಾಗ, "ಆಟೋ ಬಡದೈತಂತ, ಅವನ ತಂದಾನ" ಎಂದು ಯಾರೋ ಅವನಿಗೆ ಹೇಳಿದರು. ತಂದವನೇ ಬಡಿದವನು ಎಂಬುದು ನಮ್ಮ ಕಡೆ ಬಹಳ ಸಲೀಸಾಗಿ ಬರುವ ಮಾತು. ದುರಗವ್ವನ ಕಾಲು ಮುರಿದಿತ್ತು, ತಲೆಗೆ ಪೆಟ್ಟು ಬಿದ್ದಿತ್ತು. ಬಿದ್ದದ್ದು ಹೇಗೆಂದು ಅವಳಿಗೆ ನೆನಪಿರಲಿಲ್ಲ. ಮಗ ಆಟೋದ ಮೇಲೆ ಫಿರ್ಯಾದಿ ಕೊಟ್ಟ. ಸಂಜೆಗೆ ಆಟೋ ಸಂಚಾರ ಠಾಣೆಯ ಅಂಗಳ ಸೇರಿತು. ಶಹಬಾಜಣ್ಣನ ಮೇಲೆ ಬೇಜವಾಬ್ದಾರಿಯಿಂದ ಓಡಿಸಿ ಗಾಯ ಮಾಡಿದ ಕೇಸು ಬಿತ್ತು.

ಮಧ್ಯಾಹ್ನ ಪೇದೆಯೊಬ್ಬ ಬಂದು ಕಂಡವರ ಹೆಸರು ಬರೆದುಕೊಂಡಿದ್ದ. ಜೋರಾಗಿ ಮಾತಾಡಿದವರ ಹೆಸರು ಮಾತ್ರ ಅವನ ಪುಸ್ತಕಕ್ಕೆ ಹೋಯಿತು. ನಾನು ಸೀರೆಗಳ ಹಿಂದೆ ನಿಂತಿದ್ದೆ.

ಆ ಸಂಜೆಯೇ ಅಂಗಡಿಯ ಮುಂದೆ ಮಾತು ಬೆಳೆಯತೊಡಗಿತು. ಒಬ್ಬ ಕಾರು ಕಪ್ಪಗಿತ್ತು ಅಂದ. ಇನ್ನೊಬ್ಬ ಆಟೋ ಎಂಬತ್ತರ ಸ್ಪೀಡಿನಲ್ಲಿತ್ತು ಅಂದ. ನಮ್ಮ ಓಣಿಯಲ್ಲಿ ಎಂಬತ್ತರಲ್ಲಿ ಹೋದರೆ ಆಟೋ ಮೂರನೇ ಮನೆಯ ಅಡುಗೆಮನೆಯಲ್ಲಿ ನಿಲ್ಲಬೇಕು. ಕೇಳಿ ಕೇಳಿ ನನಗೆ ಭಯವಾಯಿತು, ನಾನು ಕಂಡದ್ದರೊಳಗೆ ಇವರ ಮಾತು ಬೆರೆತುಬಿಟ್ಟರೆ? ಪ್ರತಿ ಸೀರೆಗೂ ನಾವು ಗಿರಾಕಿಯ ಹೆಸರು, ದಾರದ ಬಣ್ಣ ಬರೆದ ಚೀಟಿ ಹಚ್ಚುತ್ತೇವೆ. ಅಂಥದೇ ಒಂದು ಖಾಲಿ ಚೀಟಿ ತೆಗೆದುಕೊಂಡು, ಚಾಚಿ ದೀಪ ಹಚ್ಚುವುದರೊಳಗೆ, ಸಣ್ಣ ಅಕ್ಷರದಲ್ಲಿ ಎರಡೂ ಬದಿ ಬರೆದೆ. ಮೊದಲು ಏನು ಕೇಳಿತು, ಆಮೇಲೆ ಏನು ಕಂಡಿತು. ತಾರೀಖು ಹಾಕಿ ಬದನೆಕಾಯಿ ಬಣ್ಣದ ಸೀರೆಯ ಚೀಟಿಯ ಹಿಂದೆ ಪಿನ್ನು ಚುಚ್ಚಿಟ್ಟೆ.

ಮಾರನೇ ದಿನ ಚಾಚಿಗೆ ಅಷ್ಟು ಹೇಳಿದೆ. ಪೀಂ ಪೀಂ, ಧಡ್ ಮೊದಲು, ಆಟೋ ಆಮೇಲೆ. ಅವಳು ಕೂತಲ್ಲಿಂದ ಎದ್ದುಬಿಟ್ಟಳು.

"ಯಾ ಅಲ್ಲಾ! ಇಷ್ಟ ನೋಡಿ ಇಟ್ಟುಕೊಂಡು ಸುಮ್ಮನ ಕುಂತೀಯಲ್ಲವ್ವಾ! ನಮ್ಮ ಹುಡುಗನ ಜಿಂದಗಿ ನಿನ್ನ ಬಾಯಾಗೈತಿ."

ಸ್ವಲ್ಪ ಹೊತ್ತಿಗೆ ಆಟೋ ಸ್ಟ್ಯಾಂಡಿನ ಹಿರಿಯ ಗುಲಾಬಸಾಬ ಕಾಕಾನನ್ನು ಕರೆದುಕೊಂಡು ಬಂದಳು. ಹಿಂದೆ ಶಹಬಾಜಣ್ಣ. ಒಂದೇ ದಿನದಲ್ಲಿ ಅವನ ಮುಖ ಇಳಿದಿತ್ತು. ಬಾಗಿಲಲ್ಲೇ ನಿಂತ.

ಗುಲಾಬಸಾಬ ಕಾಕಾ ಕೆಟ್ಟವನಲ್ಲ. ಸ್ಟ್ಯಾಂಡಿನ ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗುವವನು ಅವನೇ. ಆದರೆ ಅವನಿಗೊಂದು ಪದ್ಧತಿ. ಯಾವುದೇ ತಂಟೆ ಬರಲಿ, ಸ್ಟ್ಯಾಂಡಿನ ಎಲ್ಲರೂ ಒಂದೇ ಮಾತು ಆಡಬೇಕು. ಒಬ್ಬನ ಮಾತು ಇನ್ನೊಬ್ಬನಿಗಿಂತ ಒಂದು ಕೂದಲು ಆಚೀಚೆ ಆಗಬಾರದು. ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಹೇಳಿದ:

"ಕೇಳವ್ವಾ ಮಗಳ. ನಮ್ಮ ಐದು ಮಂದಿ ಆಗಲೇ ಹೇಳಿ ಬಂದಾರ. ಬಿಳಿ ಕಾರು, ನಂಬರ ಇಪ್ಪತ್ತೆಂಟು ನಲವತ್ತು. ಹಿಂದಕ ಬಂತು, ಮುದುಕಿಗೆ ಬಡೀತು, ಓಡಿ ಹೋತು. ನಮ್ಮ ಕಣ್ಣಿಲೆ ನೋಡೇವಿ. ನೀನೂ ಹಂಗ ಹೇಳು. ನೀ ಆರನೇದಾಕಿ."

"ಆ ನಂಬರ ಯಾರು ನೋಡಿದ್ರಿ, ಕಾಕಾ?"

ಅವನು ಬಸಿ ಕೆಳಗಿಟ್ಟ. ನನ್ನಿಂದ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. "ನಮ್ಮ ಸ್ಟ್ಯಾಂಡಿನ ಶಾಕೀರ ಅಂದ. ಅವತ್ತ ಮುಂಜಾನಿ ಆ ಓಣ್ಯಾಗ ಅಂಥಾ ಗಾಡಿ ನೋಡೇನಿ ಅಂತ."

"ಮುಂಜಾನೇರಿ?"

"ಅದss ಇರ್ಬೇಕಲ್ಲ ಮತ್ತ! ಬಿಳಿ ಗಾಡಿ ಬಿಳಿ ಗಾಡೀನ."

"ಬಡದದ್ದು ನಾ ನೋಡಿಲ್ರಿ ಕಾಕಾ. ಸೀರಿ ಅಡ್ಡ ಇದ್ದುವು. ನಂಬರೂ ನೋಡಿಲ್ಲ."

"ಅಲ್ಲss, ಬಡದದ್ದಂತೂ ಖರೇ ಅಲ್ಲ? ನೋಡೇನಿ ಅಂದ್ರ ಸುಳ್ಳೇನಾತು? ಖರೇ ಮಾತಿಗೆ ಒಂದ್ ಚೂರು ಬಟ್ಟಿ ತ್ಯಾಪಿ ಹಚ್ಚಿದಂಗ. ನಿನಗ್ಯಾಕ ಹೇಳಿಕೊಡ್ಬೇಕು, ನೀ ಹೊಲಿಯಾಕಿ."

ಚಾಚಿ ನನ್ನ ಪಕ್ಕ ಕೂತು ಕೈ ಹಿಡಿದಳು. "ಬೇಟಿ, ನಿನಗ ಈ ಮಷೀನ ಮ್ಯಾಲ ಕೈ ಇಡೂದ ಕಲಿಸಿದಾಕಿ ನಾನು. ಒಂದ ಮಾತು ಕೇಳಾಕತ್ತೇನಿ. 'ನೋಡಿದೆ' ಅನ್ನು. ಎಷ್ಟ ಸಣ್ಣ ಮಾತು."

ನಾನು ತಲೆ ತಗ್ಗಿಸಿದೆ. ಅವರು ಒಪ್ಪಿಗೆ ಎಂದುಕೊಂಡರು. ಹೋಗುವಾಗ ಶಹಬಾಜಣ್ಣ ಮಾತ್ರ, "ಲೀಲವ್ವಾ, ಅಂಜಬ್ಯಾಡ. ನಿನಗ ಆದಷ್ಟು ಹೇಳು" ಎಂದ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಆಸ್ಪತ್ರ್ಯಾಗ ಅಕಿ ಮಗ ನನ್ನ ಮುಂದ ಉಗುಳಿದಾ. ದುರಗವ್ವ ಆಯಿನ ನಾ ದಿನಾ ಪುಕ್ಸಟ್ಟೆ ಬಿಟ್ಟ ಬರ್ತಿದ್ದೆ, ಗೊತ್ತೈತಲ್ಲ ನಿನಗ" ಎಂದ. ಅವನಿಗಿದ್ದ ನೋವು ಲೈಸೆನ್ಸು ಹೋಗುವುದರದು ಮಾತ್ರ ಅಲ್ಲ ಎಂದು ಆಗ ತಿಳಿಯಿತು.

ಮನೆಯಲ್ಲಿ ಆ ದಿನ ಕಣ್ಣು ಮುಚ್ಚಿದರೆ ಕಾರು ದುರಗವ್ವನಿಗೆ ಬಡಿಯುವುದು ಕಾಣತೊಡಗಿತು. ಬುಟ್ಟಿ ಹಾರುವುದು, ಸೊಪ್ಪು ಚೆಲ್ಲುವುದು, ಕಾರಿನ ನಂಬರು ಕೂಡ ಸ್ಪಷ್ಟವಾಗಿ ಇಪ್ಪತ್ತೆಂಟು ನಲವತ್ತು. ಕಂಡೇ ಇದ್ದೆನೇನೋ ಅನ್ನಿಸಿತು. ಬೆಳಗ್ಗೆ ಅಂಗಡಿಗೆ ಬಂದವಳೇ ಪಿನ್ನು ಬಿಚ್ಚಿ ಚೀಟಿ ಓದಿದೆ. ಬಡಿದದ್ದು ಅದರಲ್ಲಿ ಇರಲಿಲ್ಲ. ನಂಬರೂ ಇರಲಿಲ್ಲ. ಬದಲಿಗೆ, ನಾನೇ ಮರೆತುಬಿಟ್ಟಿದ್ದ ಒಂದು ಸಾಲು ಇತ್ತು. 'ಕಾರಿನ ಹಿಂದಿನ ಗಾಜಿನ ಮೇಲೆ ಸಾನ್ವಿ ಅಂತ ಹಳದಿ ಅಕ್ಷರ.' ಹೌದು, ಇತ್ತು. 'ನ್ವಿ'ಯ ಒತ್ತು ಸ್ವಲ್ಪ ಕಿತ್ತುಹೋಗಿತ್ತು. ಎರಡು ದಿನದ ಮಾತಿನಲ್ಲಿ ಯಾರೂ ಅದನ್ನು ಆಡದೆ ಇದ್ದುದರಿಂದ ನನ್ನ ತಲೆಯಿಂದಲೂ ಅದು ಜಾರಿಹೋಗಿತ್ತು. ಕಾಣದ ನಂಬರು ಬಂದು ಕೂತು, ಕಂಡ ಹೆಸರನ್ನು ಎಬ್ಬಿಸಿ ಕಳಿಸಿತ್ತು.

ಆಗಲೇ ನಾನು ತೀರ್ಮಾನ ಮಾಡಿಬಿಟ್ಟೆ. ಹೇಗೆ ಹೇಳುವುದು ಎಂಬ ಭಯ ಮಾತ್ರ ಉಳಿದಿತ್ತು, ಏನು ಹೇಳುವುದು ಎಂಬುದಲ್ಲ.

ಚಾಚಿ ಠಾಣೆಗೆ ಫೋನು ಮಾಡಿಸಿದ್ದಳು. "ನಿನ್ನ ಕರಕೊಂಡು ಬರ್ತೇನಿ ಅಂದ್ರ, ಹೆಣ್ಣಮಕ್ಕಳನ್ನ ಹಂಗ ಠಾಣೆಗೆ ಕರಸಂಗಿಲ್ಲ, ನಾವss ಬರ್ತೇವಿ, ಮನೀಗೆ ಬರೂದೋ ಅಂಗಡಿಗೆ ಬರೂದೋ ಕೇಳ್ರಿ ಅಂದ್ರು" ಎಂದಳು. ಮನೆಗೆ ಪೊಲೀಸರು ಬಂದರೆ ಅವ್ವ ಹೆದರುತ್ತಾಳೆ. ಅಂಗಡಿಗೇ ಬರಲಿ ಎಂದೆ.

ಮಧ್ಯಾಹ್ನ ಎಎಸ್‌ಐ ಸುಹಾಸಿನಿ ಮೇಡಂ ಬಂದರು. ಈ ಕೇಸಿನ ತನಿಖೆ ಅವರದೇ. ಧಾರವಾಡದ ಮೆದು ಮಾತು, ಬಗಲಲ್ಲಿ ಫೈಲು. ಗುಲಾಬಸಾಬ ಕಾಕಾ ಅವರಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದ.

"ನೀವು ಯಾರ್ರಿ?"

"ನಾ ಇವರಿಗೆ ಕಾಕಾ ಇದ್ದಂಗ್ರಿ. ಹುಡುಗಿ ಅಂಜತೈತ್ರಿ, ಅದಕ್ಕ..."

"ನಿಮ್ಮ ಹೇಳಿಕೆ ಅಂತೂ ಬರದಾಗೇದ, ಹೌದಲ್ರಿ? ನೀವು ಹೊರಗ ಕೂಡ್ರಿ. ಅಂಗಡಿ ಒಡತಿ ಬೇಕಾರ ಇರ್ಲಿ. ಆದ್ರ ನಡುವ ಬಾಯಿ ಹಾಕೂಹಂಗಿಲ್ಲ, ಹಾಜರಾಬಿಯವರ."

"ನಾ ಎಲ್ಲಿ ಬಾಯಿ ಹಾಕ್ತೇನ್ರಿ" ಎಂದು ಚಾಚಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಮೇಡಂ ನನ್ನ ಕಡೆ ತಿರುಗಿದರು. "ಮೊದ್ಲ ನಿಮ್ಮಷ್ಟಕ್ಕ ನೀವು ಹೇಳ್ರಿ. ನಾ ತಡಿಯಂಗಿಲ್ಲ. ಆಮ್ಯಾಲೆ ಕೇಳ್ತೇನಿ. ಗೊತ್ತಿಲ್ಲದ್ದು ಗೊತ್ತಿಲ್ಲ ಅಂದ್ರ ನನಗೇನೂ ಸಿಟ್ಟು ಬರೂದಿಲ್ಲ."

ಮೊದಲ ಸಾಲು ಹೊರಬರುವವರೆಗೆ ಕಷ್ಟ. "ಅಜಾನ್ ಆದ ಮ್ಯಾಲ ಒಂದು ಸೀರಿಗೆ ಫಾಲ್ ಹಚ್ಚಿ ಮುಗಿಸಿ, ಮಷೀನ ಬಂದ್ ಮಾಡಿ ದಾರಾ ಬದಲಿ ಮಾಡಾಕತ್ತಿದ್ದೆರಿ" ಎಂದೆ. ಅದು ನನಗೆ ಗೊತ್ತಿದ್ದ ಕೆಲಸ, ಖಚಿತವಾದ ಮಾತು. ಅದರ ಹಿಂದೆ ಉಳಿದವೆಲ್ಲ ಹೊಲಿಗೆಯಂತೆ ಒಂದಾದ ಮೇಲೆ ಒಂದು ಬಂದವು. ಪೀಂ ಪೀಂ, ಧಡ್, ಕೂಗು, ಖಾಲಿ ರಸ್ತೆ, ರೀಲು, ಆಟೋ, ಬ್ರೇಕು, ಹೊಸ್ತಿಲು, ಕಾರು.

ಅವರು ಬರೆಯದೆ ಕೇಳಿದರು. ಆಮೇಲೆ ಪೆನ್ನು ತೆಗೆದರು.

"ಕಾರು ಆಕೀಗೆ ಬಡದದ್ದು ನೋಡೀರಿ?"

ಚಾಚಿಯ ಸೆರಗು ಅಲುಗಾಡಲಿಲ್ಲ. ಹೊರಗೆ ಕಾಕಾ ಕೆಮ್ಮಿದ.

"ಇಲ್ರಿ. ಸದ್ದು ಕೇಳೇನಿ. ಬಡದದ್ದು ನೋಡಿಲ್ಲ."

ಚಾಚಿ ಹಣೆಗೆ ಕೈ ಹಚ್ಚಿಕೊಂಡಳು. ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. "ಯಾಕ ಕಾಣಲಿಲ್ಲ?" ಎಂದರು.

"ಇಲ್ಲಿಂದ ಆ ಕಡೆ ಕಾಣೂದಿಲ್ರಿ."

"ಏಳ್ರಿ ಒಂಚೂರು." ಅವರು ನನ್ನ ಸ್ಟೂಲಿನ ಮೇಲೆ ಕೂತು, ಮಷೀನಿನ ಮೇಲೆ ಕೈಯಿಟ್ಟು, ನಾನು ನೋಡುವಂತೆ ನೋಡಿದರು. ಎಡಕ್ಕೆ ಸೀರೆ, ಬಲಕ್ಕೆ ರಸ್ತೆ. ಕತ್ತು ಚಾಚಿ ನೋಡಿದರು. "ಅವತ್ತೂ ಹಿಂಗ ಇದ್ವೇನು ಸೀರಿ?"

"ಎರಡು ಒಯ್ದಾರ್ರಿ, ಮೂರು ಹೊಸಾವು ಹಾಕೇವಿ. ಸರಳು ತುಂಬ ಇದ್ವು."

"ಹಂ." ಅವರು ಎದ್ದು ನನ್ನನ್ನು ಕೂರಿಸಿದರು. "ಆಟೋ ಎಷ್ಟು ಜೋರಿತ್ತು?"

"ಕಿಲೋಮೀಟರ್ ಗೊತ್ತಾಗಂಗಿಲ್ರಿ. ಅದರ ಮ್ಯಾಲ ಬರದದ್ದು ಪೂರ್ತಿ ಓದಾಕ ಬಂತು ನನಗ."

"ನೀವು ಅದನ್ನ ದಿನಾ ನೋಡ್ತೀರಿ. ಓದದss ಹೇಳಬಹುದಲ್ಲ?"

ನಾನು ಯೋಚಿಸಿದೆ. ಅವರ ಮಾತು ಸರಿ ಇತ್ತು. "ಹೌದ್ರಿ, ಪರಿಚಯದ ಅಕ್ಷರಾನ. ಆದ್ರ ಕಣ್ಣಿಗೆ ಕಲಸಿಕೊಂಡು ಹೋಗಲಿಲ್ರಿ. ಅಷ್ಟss ಹೇಳಬಲ್ಲೆ."

ಅವರು ಅದನ್ನು ಹಾಗೆಯೇ ಬರೆದುಕೊಂಡರು. "ಸದ್ದಾದ ಮ್ಯಾಲ ಆಟೋ ಬರಾಕ ಎಷ್ಟು ಹೊತ್ತು?"

"ಗಡಿಯಾರ ನೋಡಿಲ್ರಿ. ತಲಿ ಎತ್ತಿದೆ, ರೀಲು ಬಿತ್ತು, ಬಗ್ಗಿ ತಗೊಂಡೆ, ಎದ್ದೆ."

"ಮಾಡಿ ತೋರಸ್ರಿ."

ನಾನು ರೀಲು ಕೆಡವಿದೆ. ಅದು ಆವತ್ತಿನಂತೆಯೇ ಮಷೀನಿನ ಕಾಲಿನ ಹಿಂದೆ ಹೋಯಿತು. ಬಗ್ಗಿ ತೆಗೆದುಕೊಂಡು ಎದ್ದೆ. ಮೇಡಂ ಮೊಬೈಲಿನಲ್ಲಿ ಹಿಡಿದಿದ್ದ ಲೆಕ್ಕ ನೋಡಿದರು. ಎಂಟು ಸೆಕೆಂಡು. "ಸುಮಾರು ಅಂತ ಬರೀತೇನಿ. ಬಗ್ಗಿದಾಗ ರಸ್ತಾ ಕಾಣ್ತಿತ್ತೇನು?"

"ಇಲ್ರಿ. ಬಗ್ಗೂಕಿಂತ ಮೊದ್ಲ ಖಾಲಿ ಇತ್ತು. ಎದ್ದಾಗ ಆಟೋ ಬಲಗಡೆಯಿಂದ ಬರಾಕತ್ತಿತ್ತು. ನಡುವಿನದು ನನಗ ಗೊತ್ತಿಲ್ಲ."

"ಪೀಂ ಪೀಂ ಧಡ್ ಅಂದ ಮ್ಯಾಲ ಎಷ್ಟು ಸಲ ಹೊಡೀತು?"

"ಎಣಿಸಿಲ್ರಿ. ಒಂದಕ್ಕಿಂತ ಹೆಚ್ಚು."

"ನೀವು ಹೊರಗ ಬಂದಾಗ ಆಟೋಕ್ಕೂ ಮುದುಕಿಗೂ ಎಷ್ಟು ದೂರ?"

ಇದು ನನಗೆ ಸುಲಭ. "ಒಂದು ಸೀರಿ ಬಿಡಿಸಿ ಹಾಸಿದಷ್ಟು ಇತ್ರಿ. ಒಂಚೂರು ಕಡಿಮಿ ಇದ್ದೀತು, ಹೆಚ್ಚಿರಲಿಲ್ಲ."

ಮೇಡಂ ಮೊದಲ ಸಲ ನಕ್ಕರು. "ಸೀರಿ ಉದ್ದ ನನಗೂ ಗೊತ್ತದ. ಕಾರಿನ ನಂಬರ?"

"ನೋಡಿಲ್ರಿ."

"ಇಪ್ಪತ್ತೆಂಟು ನಲವತ್ತು ಅಂತ ಐದು ಮಂದಿ ಹೇಳ್ಯಾರ."

"ಆ ನಂಬರ ನಾನೂ ಕೇಳೇನ್ರಿ, ಆದ್ರ ಮಂದಿ ಬಾಯಿಲೆ. ಕಾರಿನ ಮ್ಯಾಲ ನಾ ನೋಡಿಲ್ಲ. ನಾ ನೋಡಿದ್ದು ಹಿಂದಿನ ಗಾಜಿನ ಮ್ಯಾಲ ಸಾನ್ವಿ ಅಂತ ಹಳದಿ ಅಕ್ಷರ. ನ್ವಿ ಒತ್ತು ಹರದಿತ್ತು."

ಪೆನ್ನು ನಿಂತಿತು. "ಕನ್ನಡದಾಗ ಬರದಿತ್ತು?"

"ಹೌದ್ರಿ."

"ಓಡಸೂವರು ಗಂಡಸೋ ಹೆಂಗಸೋ?"

"ಕಾಣಲಿಲ್ರಿ."

ನಾನು ಚೀಟಿಯನ್ನೂ ಕೊಟ್ಟೆ. ಯಾವಾಗ ಬರೆದದ್ದು, ಯಾರಿಗಾದರೂ ತೋರಿಸಿದ್ದೇನೆಯೇ, ಆಮೇಲೆ ತಿದ್ದಿದ್ದೇನೆಯೇ ಎಂದು ಕೇಳಿ, ಎರಡೂ ಬದಿ ಫೋಟೊ ತೆಗೆದುಕೊಂಡರು. "ಇದನ್ನ ಕಳೀಬ್ಯಾಡ್ರಿ" ಎಂದರು. ಕೊನೆಗೆ, "ಶಹಬಾಜ ನಿಮಗೇನಾಗಬೇಕು?" ಎಂದರು.

"ನಮ್ಮ ಚಾಚೀ ತಂಗಿ ಮಗಾರಿ. ನನಗ ಪರಿಚಯ. ಅಣ್ಣಾ ಅಂತೇನಿ."

"ಹಿಂಗ ಹೇಳು ಅಂತ ಯಾರರ ಹೇಳ್ಯಾರೇನು ನಿಮಗ?"

ಇದನ್ನು ನಾನು ಎಣಿಸಿರಲಿಲ್ಲ. ಚಾಚಿಯ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ಕಟ್ಟುತ್ತಿತ್ತು. "ಬಡದದ್ದು ನೋಡೇನಿ ಅನ್ನು, ನಂಬರ ಹೇಳು ಅಂದಿದ್ರರಿ. ನಾ ನೋಡಿಲ್ಲ, ಅದಕ್ಕ ಹೇಳಿಲ್ಲ."

ಮೇಡಂ ಯಾರು ಎಂದು ಕೇಳಿದರು, ನಾನು ಹೇಳಿದೆ. ಅದನ್ನೂ ಬರೆದುಕೊಂಡರು. ಆಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿದರು. ಒಂದು ಕಡೆ 'ಕಾರು ಡಿಕ್ಕಿ ಹೊಡೆದ ಸದ್ದು' ಎಂದಿತ್ತು. "ಕಾರಿನ ಸದ್ದು ಅಂತ ನನಗ ಗೊತ್ತಿಲ್ರಿ, ಧಡ್ ಅಂದದ್ದಷ್ಟ ಗೊತ್ತು" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಎಎಸ್‌ಐ ಬರೆದದ್ದನ್ನು ನಾನು ತಿದ್ದಿಸುತ್ತಿದ್ದೆ. ಅವರು ಸುಮ್ಮನೆ ಹೊಡೆದುಹಾಕಿ 'ಧಡ್ ಎಂಬ ಸದ್ದು' ಎಂದು ಬರೆದರು.

ನಾನು ಸಹಿಗೆ ಕೈ ಚಾಚಿದೆ. "ಸಹಿ ಬ್ಯಾಡ್ರಿ" ಎಂದರು.

ಹೊರಗಿನಿಂದ ಕಾಕಾನ ದನಿ ಬಂತು. "ಸಹೀನೂ ಬ್ಯಾಡಂದ್ರ! ಈ ಹುಡುಗಿ ಮಾತಿಗೆ ಕಿಮ್ಮತ್ತಿಲ್ಲ ಅಂದಂಗಾತಲ್ರಿ."

"ಕಾಕಾ, ತನಿಖೆದಾಗ ಪೊಲೀಸರ ಮುಂದ ಸಾಕ್ಷಿ ಕೊಟ್ಟ ಹೇಳಿಕೆಗೆ ಸಹಿ ತಗೊಳ್ಳೂಹಂಗ ಇಲ್ಲ, ಕಾಯ್ದೇನss ಹಂಗದ. ನಿಮ್ಮ ಐದು ಮಂದೀದೂ ತಗೊಂಡಿಲ್ಲಲ್ಲ. ನಾಳೆ ಕೋರ್ಟ್‌ನ್ಯಾಗ ನಿಂತು ಇವರು ತಮ್ಮ ಬಾಯಿಲೆ ಹೇಳ್ತಾರ. ಆಗ ವಕೀಲರು ಎಳೆ ಎಳೆ ಬಿಚ್ಚಿ ಕೇಳ್ತಾರ." ಮೇಡಂ ಫೈಲು ಮುಚ್ಚಿದರು. "ನಿಮ್ಮನ್ನೂ ಕೇಳ್ತಾರ, ತಯಾರಿರ್ರಿ."

ಅವರು ಹೋದ ಮೇಲೆ ಚಾಚಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಬುತ್ತಿ ಬಿಚ್ಚಿದಾಗ ಮಾತ್ರ ಉಪ್ಪಿನಕಾಯಿಯ ಡಬ್ಬಿ ನನ್ನ ಕಡೆ ತಳ್ಳುತ್ತಿದ್ದಳು. ಕಾಕಾ ದಾರಿಯಲ್ಲಿ ಕಂಡರೆ, "ಏನ್ ಹರಿಶ್ಚಂದ್ರನ ತಂಗಿ, ಆರಾಮೇನು?" ಎನ್ನುತ್ತಿದ್ದ. ನನಗೆ ನೋವಾಯಿತು, ಆದರೆ ನಿದ್ದೆ ಚೆನ್ನಾಗಿ ಬಂತು. ಕಣ್ಣು ಮುಚ್ಚಿದರೆ ಕಾರು ಬಡಿಯುವುದು ಈಗ ಕಾಣುತ್ತಿರಲಿಲ್ಲ. ಸೀರೆಗಳೇ ಕಾಣುತ್ತಿದ್ದವು.

ಒಂಬತ್ತನೇ ದಿನ ಶಹಬಾಜಣ್ಣ ಅಂಗಡಿಗೆ ಓಡಿ ಬಂದ. ಮೆಟ್ಟಿಲು ಹತ್ತುತ್ತಲೇ ಚಾಚಿಗೆ, "ಮೌಸೀ, ಸಿಕ್ಕಿತು!" ಎಂದ.

ಮೇಡಂ ಮೊದಲು ಇಪ್ಪತ್ತೆಂಟು ನಲವತ್ತರ ಬೆನ್ನು ಹತ್ತಿದ್ದರು. ಆ ಬಿಳಿ ಕಾರು ಆ ಮಧ್ಯಾಹ್ನ ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿಕೊಂಡು ನಿಂತಿತ್ತು. ಐದು ಮಂದಿಯ ಹೇಳಿಕೆಯೂ ಅಲ್ಲಿಗೆ ಬಿತ್ತು. ಐವರಲ್ಲಿ ಒಬ್ಬ ಆ ಹೊತ್ತಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಸವಾರಿ ಕಾಯುತ್ತಿದ್ದನೆಂಬುದೂ ಹೊರಬಿತ್ತು. "ಇವರು ಹಿಂಗ್ಯಾಕ ಸುಳ್ಳು ಹೇಳ್ಯಾರ, ಆಟೋನ ಬಡದಿರಬೇಕು ಅಂತ ಸಾಹೇಬರೆಲ್ಲಾ ಅಂದಿದ್ರಂತ" ಎಂದ ಶಹಬಾಜಣ್ಣ. "ಆಮ್ಯಾಲೆ ಮೇಡಂ ನಮ್ಮ ಲೀಲವ್ವನ ಹೇಳಿಕಿ ಹಿಡಕೊಂಡು ಕುಂತ್ರು. ಅಜಾನ್ ಆದ ಮ್ಯಾಲ ಒಂದು ಸೀರಿ ಫಾಲ್ ಹಚ್ಚೂವಷ್ಟು ಹೊತ್ತು ಅಂತ ಇತ್ತಲ್ಲ, ಅದರ ಲೆಕ್ಕದಾಗ ಮೇನ್ ರೋಡಿನ ಔಷಧದ ಅಂಗಡಿ ಕ್ಯಾಮೆರಾ ನೋಡಿದ್ರಂತ. ಹಳದಿ ಅಕ್ಷರದ ಗಾಡಿ ಸಿಕ್ಕಿತು. ಬೈರಿದೇವರಕೊಪ್ಪದ್ದು. ಹಿಂದಿನ ಬಂಪರಿಗೆ ಬುಟ್ಟೀ ಬಿದಿರಿನ ಸೀಳು ಸಿಕ್ಕೊಂಡಿತ್ತಂತ, ಮೌಸೀ. ಓಡಸೂವ ಒಪ್ಪಿಕೊಂಡಾನ. ಅಂಜಿ ಹೋದ್ನಿ ಅಂದ್ನಂತ."

ಶಹಬಾಜಣ್ಣನ ಆಟೋವನ್ನು ಆರ್‌ಟಿಓದವರು ನೋಡಿ ಹೊಸ ಪೆಟ್ಟಿನ ಗುರುತಿಲ್ಲ ಎಂದು ಬರೆದುಕೊಟ್ಟಿದ್ದರು. ಕೇಸು ಅವನ ಹೆಸರಿನಿಂದ ಕಾರಿನವನ ಹೆಸರಿಗೆ ತಿರುಗುತ್ತದೆ, ಆಟೋ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕು ಎಂದು ಮೇಡಂ ಹೇಳಿದ್ದರು.

ಗುಲಾಬಸಾಬ ಕಾಕಾ ಸಂಜೆ ಬಂದ. ಮೇಡಂ ಐದೂ ಮಂದಿಯನ್ನು ನಿಲ್ಲಿಸಿ, "ಖರೇ ಇದ್ದದ್ದನ್ನೂ ನೀವು ಸುಳ್ಳ ಮಾಡಿ ಇಟ್ಟಿದ್ರಲ್ಲ" ಎಂದು ಬೈದಿದ್ದರಂತೆ. ಸುಳ್ಳು ಹೇಳಿದ್ದಕ್ಕೆ ಇನ್ನೂ ಏನಾಗುತ್ತದೋ ಎಂಬ ಅಂಜಿಕೆ ಅವನ ಮುಖದಲ್ಲಿತ್ತು. ಬಸಿಯ ಚಹಾ ಊದಿ ಊದಿ ಆರಿಸಿ, ಕುಡಿಯದೆ ಕೂತ. "ನಾ ಶಹಬಾಜಗ ಛಲೋ ಆಗಲಿ ಅಂತ ಮಾಡಿದ್ನವಾ."

"ಗೊತ್ತೈತ್ರಿ ಕಾಕಾ."

"ನಿನ್ನ ಹೇಳಿಕ್ಯಾಗ ಬರೇ 'ಗೊತ್ತಿಲ್ಲ, ನೋಡಿಲ್ಲ' ಅವss ಇದ್ವು ಅಂತ ನಾ ಅಂದಿದ್ದೆ. ತೂತೇ ತೂತು, ಜಾಳಿಗಿ ಆಗೈತಿ ಅಂದಿದ್ದೆ."

"ತೂತ ಇದ್ದಲ್ಲಿ ತೂತ ಐತಿ ಅಂತ ಹೇಳಿದ್ನರಿ. ಗಟ್ಟಿ ಇದ್ದದ್ದು ಗಟ್ಟಿ ಉಳೀತು."

ಅವನು ನನ್ನನ್ನೇ ನೋಡಿದ. ಚಾಚಿ ನಕ್ಕುಬಿಟ್ಟಳು. "ಸೂಜಿ ತಗದ್ರ ದಾರ ಬರ್ತೈತಿ ಅಂತಿದ್ನೆಲ್ಲಾ. ನೋಡ್ರಿ ಈಗ."

ಶಹಬಾಜಣ್ಣ ಆಸ್ಪತ್ರೆಗೆ ಹೋಗಿ ಬಂದ. ದುರಗವ್ವನ ಮಗ ಬಾಗಿಲಲ್ಲೇ ಎದುರಾಗಿ, ಅವನ ಕೈಯಲ್ಲಿದ್ದ ಎಳನೀರು ತೆಗೆದುಕೊಂಡು ಒಳಗೆ ಒಯ್ದನಂತೆ. ಅಷ್ಟೇ. ಅಷ್ಟನ್ನೇ ಶಹಬಾಜಣ್ಣ ನಮಗೆ ಎರಡು ಸಲ ಹೇಳಿದ.

ಮಾರನೇ ಬೆಳಗ್ಗೆ ಚಾಚಿ ಸ್ಟೂಲು ಹತ್ತಿ ಸರಳಿನಿಂದ ಸೀರೆಗಳನ್ನು ತೆಗೆಯತೊಡಗಿದಳು. "ಇವನ್ನ ಒಳಗಿನ ಗ್ವಾಡಿಗೆ ಹಾಕೂಣು. ಇನ್ನ ಮ್ಯಾಲ ನೀ ಪೂರಾ ರಸ್ತಾ ನೋಡು."

"ಹಾಕ್ರಿ ಚಾಚಿ, ಆದ್ರ ಸರಳು ಮಾತ್ರ ಹಂಗss ಇರ್ಲಿ" ಎಂದೆ. "ಕೋರ್ಟ್‌ನ್ಯಾಗ ಕೇಳ್ತಾರ, ಆಗ ಅಲ್ಲಿ ಏನಿತ್ತು ಅಂತ."

"ಏನಂತಿ?"

"ಸೀರಿ ಇದ್ವು ಅಂತೇನಿ. ಅರ್ಧ ರಸ್ತಾ ಕಾಣ್ತಿತ್ತು ಅಂತೇನಿ."

"ಹಂಗಾರ ಕೋರ್ಟ್ ಮುಗಿಯೂತನಕ ಇವೂ ಇಲ್ಲೇ ಇರ್ಲಿ" ಎಂದು ಚಾಚಿ ಕೈಯಲ್ಲಿದ್ದ ಸೀರೆಗಳನ್ನು ಒಂದೊಂದಾಗಿ ತಿರುಗಿ ಅದೇ ಸರಳಿಗೆ ಹಾಕಿದಳು. ನಾನು ಬದನೆಕಾಯಿ ಬಣ್ಣದ ಸೀರೆಯನ್ನು ಮಡಚಿ ಗಿರಾಕಿಗೆಂದು ತೆಗೆದಿಟ್ಟೆ. ಅದರ ಹಿಂದಿನ ಚೀಟಿಯನ್ನು ಬಿಚ್ಚಿ ಸೂಜಿ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಗಟ್ಟಿ ಮಾಡಿದೆ. ಹಸಿರು ದಾರದ ರೀಲು ಏರಿಸಿ ಮಷೀನು ಚಾಲೂ ಮಾಡಿದೆ.